ಹಾಲಿನ ಲೆಕ್ಕ, ಹಾಡಿನ ಲೆಕ್ಕ: ‘ಎರಡು ದಿನ ತಪ್ಪಬಾರದು’ ಎಂಬ ನಿಯಮದ ಒಂದು ಪ್ರಕರಣ

ಹಿನ್ನೆಲೆ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಹಲವು ವರ್ಷಗಳಿಂದ ಕರ್ನಾಟಕ ಸಂಗೀತದ ಗಾಯನ ಪಾಠ ಹೇಳುತ್ತಿದ್ದೇನೆ. ನನ್ನಲ್ಲಿಗೆ ಬರುವವರಲ್ಲಿ ಮಕ್ಕಳಷ್ಟೇ ಸಂಖ್ಯೆಯಲ್ಲಿ ನಡುವಯಸ್ಸಿನವರೂ ಇದ್ದಾರೆ. ಈ ಪ್ರಕರಣ ಅಂಥ ಒಬ್ಬ ಶಿಷ್ಯೆಯದು. ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಸುಮತಿ ಎಂದು ಕರೆಯೋಣ. ವಯಸ್ಸು 46, ಬ್ಯಾಂಕಿನಲ್ಲಿ ಉದ್ಯೋಗ, ಮನೆಯಲ್ಲಿ ಪತಿ ಮತ್ತು ಕಾಲೇಜಿಗೆ ಹೋಗುವ ಮಗ. ಜೂನಿಯರ್ ಪರೀಕ್ಷೆ ಮುಗಿಸಿ ಸೀನಿಯರ್‌ಗೆ ತಯಾರಾಗುತ್ತಿದ್ದರು. ಪಾಠ ವಾರಕ್ಕೊಂದು, ಶನಿವಾರ ಸಂಜೆ. ಉಳಿದದ್ದೆಲ್ಲ ಮನೆಯ ಅಭ್ಯಾಸದ ಮೇಲೆ ನಿಂತಿತ್ತು.

2023ರ ಜೂನ್ 12ರಿಂದ ಅವರು ಪ್ರತಿದಿನ ಬೆಳಿಗ್ಗೆ 5.45ಕ್ಕೆ ಕುಳಿತು ನಲವತ್ತು ನಿಮಿಷ ಹಾಡುವ ರೂಢಿ ಮಾಡಿಕೊಂಡಿದ್ದರು. ಐದೂವರೆಗೆ ಎದ್ದು ಹಾಲಿನ ಪೊಟ್ಟಣ ಒಳಗೆ ತಂದು, ಹಾಲು ಕಾಯಿಸಿ, ಒಲೆ ಆರಿಸಿದ ಕೂಡಲೇ ದೇವರ ಕೋಣೆಯ ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಹಾಕುವುದು ಅವರ ಕ್ರಮ. ಅಕಾರ ಸಾಧನೆ, ಜಂಟಿ ವರಸೆ, ಕೊನೆಗೆ ಮೋಹನ ರಾಗದ ವರ್ಣವೆಂಬ ರಚನೆ ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ. ಮುಗಿದ ಮೇಲೆ ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಕೆಂಪು ಪೆನ್ನಿನಿಂದ ಒಂದು ಸೊನ್ನೆ ಸುತ್ತುತ್ತಿದ್ದರು. ಅದೇ ಮನೆಯ ಕೆಳತುದಿಯಲ್ಲಿ ಹಾಲಿನ ಲೆಕ್ಕವೂ ಇರುತ್ತಿತ್ತು. ಈ ಸಣ್ಣ ಸಂಗತಿ ಮುಂದೆ ಬಹಳ ಉಪಯೋಗಕ್ಕೆ ಬಂದಿತು.

ಅಕ್ಟೋಬರ್ 6ಕ್ಕೆ ಸೊನ್ನೆಗಳ ಸಂಖ್ಯೆ 117 ಆಯಿತು, ನಡುವೆ ಒಂದೂ ಖಾಲಿ ಬಿಟ್ಟಿರಲಿಲ್ಲ. ‘ಒಂದು ದಿನ ತಪ್ಪಬಹುದು, ಸತತವಾಗಿ ಎರಡು ದಿನ ತಪ್ಪಬಾರದು’ ಎಂಬ ನಿಯಮ ಅವರಿಗೆ ಮೊದಲೇ ಗೊತ್ತಿತ್ತು. ಆದರೆ 117 ದಿನ ಅದನ್ನು ಬಳಸುವ ಪ್ರಸಂಗವೇ ಬಂದಿರಲಿಲ್ಲ. ಹಾಗಾಗಿ ಆ ನಿಯಮ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಅವರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಮುರಿದದ್ದು ಹೇಗೆ

ಅಕ್ಟೋಬರ್ 7ರ ಬೆಳಿಗ್ಗೆ ಜ್ವರ ಬಂದಿತು, ಗಂಟಲು ಕಟ್ಟಿತು. ಅಂದು ಹಾಡಲಿಲ್ಲ. ಮರುದಿನ ಜ್ವರ ನೂರಾ ಒಂದು ಡಿಗ್ರಿ ಇದ್ದರೂ, ಎರಡನೆಯ ದಿನ ತಪ್ಪಿಸಬಾರದೆಂಬ ಒಂದೇ ಕಾರಣಕ್ಕೆ ಶಾಲು ಹೊದ್ದು ಶ್ರುತಿಪೆಟ್ಟಿಗೆಯ ಮುಂದೆ ಕುಳಿತು ಹತ್ತು ನಿಮಿಷ ಗುನುಗಿ ಸೊನ್ನೆ ಸುತ್ತಿದರು. 9ರಂದು ದನಿ ಪೂರ್ತಿ ಹೋಯಿತು. ಗುನುಗಿದ್ದರಿಂದಲೇ ಹೋಯಿತೆಂದು ನಾನು ಹೇಳಲಾರೆ, ಸೋಂಕು ತನ್ನ ಪಾಡಿಗೆ ಗಂಟಲಿನೊಳಕ್ಕೆ ಇಳಿಯುತ್ತಿದ್ದಿರಬಹುದು. ಆದರೆ ಬಾತಿರುವ ಧ್ವನಿತಂತುಗಳಿಗೆ ಬೇಕಾದದ್ದು ವಿಶ್ರಾಂತಿಯೇ ಹೊರತು ಗುನುಗಾಟವಲ್ಲ. ಕಿವಿ-ಮೂಗು-ಗಂಟಲು ವೈದ್ಯರು ಮಾತು ಕಡಿಮೆ ಮಾಡಲು ಹೇಳಿ, ಪಿಸುಮಾತು ಸಹ ಬೇಡ, ಅದರಿಂದಲೂ ಗಂಟಲಿಗೆ ಶ್ರಮವಾಗುತ್ತದೆ ಎಂದು ಎಚ್ಚರಿಸಿದರು. 9, 10, 11 ಹೀಗೆ ದಿನಗಳು ಖಾಲಿಯಾದವು.

ನಿಯಮ ಕೈಕೊಟ್ಟದ್ದು ಇಲ್ಲಿಯೇ. ಎರಡನೆಯ ದಿನದ ಮುಂದೆ ಅದು ಒಂದು ಗೋಡೆ ಕಟ್ಟುತ್ತದೆ, ಆದರೆ ಆ ಗೋಡೆ ದಾಟಿ ಹೋದವರಿಗೆ ಏನನ್ನೂ ಹೇಳುವುದಿಲ್ಲ. ಸುಮತಿ ಆ ಹೊತ್ತಿಗೆ ಎರಡನ್ನು ಕಳೆದುಕೊಂಡಿದ್ದರು: 117ರ ಸರಪಳಿಯನ್ನು, ಮತ್ತು ಸರಪಳಿ ಹೋದರೂ ಕೈಹಿಡಿಯಬೇಕಾಗಿದ್ದ ನಿಯಮವನ್ನು. ಖಾಲಿ ದಿನ ಮೂರಾದರೇನು, ಹತ್ತಾದರೇನು ಎಂಬ ಸ್ಥಿತಿ ಅದು.

14ರ ಹೊತ್ತಿಗೆ ಜ್ವರ ಬಿಟ್ಟು ಮಾತು ಸರಿಯಾಗಿತ್ತು. ಅಂದಿನಿಂದ ಐದು ನಿಮಿಷವಾದರೂ ಮೆಲ್ಲಗೆ ಹಾಡಲು ಅಡ್ಡಿಯಿರಲಿಲ್ಲ. ಆದರೆ 15ರಿಂದ ನವರಾತ್ರಿ. 16ರಂದು ಅವರು ಫೋನ್ ಮಾಡಿದಾಗ ನಾನೇ ಹೇಳಿದೆ: “ಅವಸರ ಯಾಕೆ, ವಿಜಯದಶಮಿ ಹತ್ತಿರದಲ್ಲೇ ಇದೆಯಲ್ಲ, ಅವತ್ತೇ ಚೆನ್ನಾಗಿ ಶುರು ಮಾಡಿ.” ವಿದ್ಯಾರಂಭಕ್ಕೆ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲವೆಂಬುದು ನಮ್ಮೆಲ್ಲರ ನಂಬಿಕೆ. ಈ ಪ್ರಕರಣದಲ್ಲಿ ಆದ ದೊಡ್ಡ ತಪ್ಪು ನನ್ನ ಆ ಮಾತು. ಮೊದಲನೆಯದಾಗಿ, ಹಾಡಬಹುದಾಗಿದ್ದ ಎಂಟು ದಿನಗಳು ಅದರಿಂದ ಹೋದವು. ಎರಡನೆಯದಾಗಿ, ಒಳ್ಳೆಯ ದಿನಕ್ಕೆ ಕಾದು ಶುರು ಮಾಡಿದ್ದು ದೊಡ್ಡದಾಗಿಯೇ ಇರಬೇಕು ಎಂಬ ಭಾರ ಆ ದಿನದ ಮೇಲೆ ಬಿದ್ದಿತು.

24ರಂದು ಸುಮತಿ ಸ್ನಾನ, ಪೂಜೆ ಮುಗಿಸಿ ಒಂದು ಗಂಟೆ ಹಾಡಿದರು. ಹದಿನೇಳು ದಿನದ ಬಾಕಿಯನ್ನು ಒಂದೇ ಸಲ ತೀರಿಸುವ ಹುಮ್ಮಸ್ಸು. ವರ್ಣದ ಚರಣದಲ್ಲಿ ತಾರಸ್ಥಾಯಿಗೆ ಹೋಗುವಾಗ ದನಿ ಒಡೆಯಿತು, ಎರಡು ಸಲ ಪ್ರಯತ್ನಿಸಿದರು, ಎರಡು ಸಲವೂ ಒಡೆಯಿತು. 25ರಂದು ಗಂಟಲು ನೋವು, ಹಾಡಲಿಲ್ಲ. 26, 27ರಂದು ನೋವಿರಲಿಲ್ಲ, ಆದರೂ ಹಾಡಲಿಲ್ಲ. 28ರ ಶನಿವಾರ ಪಾಠಕ್ಕೆ ಬಂದವರು ಚಾಪೆಯ ಮೇಲೆ ಕೂರುವ ಮೊದಲೇ, “ಟೀಚರ್, ನಿಯಮವೂ ಮುರಿದ ಮೇಲೆ ಇನ್ನು ಯಾವುದನ್ನು ಹಿಡಿದುಕೊಳ್ಳಲಿ?” ಎಂದು ಕೇಳಿದರು. ಲೆಕ್ಕ ಹಾಕಿದರೆ, 7ರಿಂದ 28ರವರೆಗಿನ ಇಪ್ಪತ್ತೆರಡು ದಿನಗಳಲ್ಲಿ ನಿಜವಾಗಿ ಕಾಯಿಲೆ ನುಂಗಿದ್ದು ಒಂದು ವಾರ. ಉಳಿದ ಎರಡು ವಾರ ಕಾಯಿಲೆಯ ಖಾತೆಗೆ ಸೇರಬೇಕಾದದ್ದಲ್ಲ.

ಕ್ಯಾಲೆಂಡರಿನ ಚಿತ್ರ

ಅಂದು ಪಾಠ ಮಾಡಲಿಲ್ಲ. ಅವರ ಫೋನಿನಲ್ಲಿ ಕ್ಯಾಲೆಂಡರಿನ ಚಿತ್ರವಿತ್ತು, ಅದನ್ನು ಹಿಗ್ಗಿಸಿ ನೋಡುತ್ತಾ ಕುಳಿತೆವು. ಅಕ್ಟೋಬರ್ ಹಾಳೆಯಲ್ಲಿ ಕೆಂಪು ಸೊನ್ನೆಗಳ ಸರಪಳಿ 6ಕ್ಕೇ ತುಂಡಾಗಿತ್ತು. ಅವುಗಳ ಕೆಳಗೆ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ ಮಾತ್ರ ತಿಂಗಳು ಪೂರ್ತಿ ಸಾಗಿತ್ತು: 1, 1, 1½, 1. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡರಲ್ಲಿ ಅಡ್ಡಗೆರೆ, ಆ ಮೂರು ದಿನ ಮನೆಯವರೆಲ್ಲ ತವರಿಗೆ ಹೋಗಿದ್ದರು. ಇಪ್ಪತ್ತಮೂರರಿಂದ ಮತ್ತೆ 1.

ನಾನು ಸುಮ್ಮನೆ ಕೇಳಿದೆ: “ಇಪ್ಪತ್ತಮೂರಕ್ಕೆ ಹಾಲು ತಾನಾಗಿಯೇ ಬಂತಾ?”

“ಹೋಗೋ ಮುಂಚೆನೇ ಹೇಳಿದ್ದೆನಲ್ಲ ಟೀಚರ್, ಶುಕ್ರವಾರದಿಂದ ಮೂರು ದಿನ ಬೇಡ, ಸೋಮವಾರದಿಂದ ಹಾಕಿ ಅಂತ.”

ಮೂರು ದಿನ ಹಾಲು ಬರಲಿಲ್ಲ ಎಂದು ಯಾರೂ ‘ಹಾಲಿನ ವರ್ತನೆ ಮುರಿಯಿತು’ ಎನ್ನುವುದಿಲ್ಲ, ಏಕೆಂದರೆ ನಿಲ್ಲಿಸುವ ಮಾತಿನಲ್ಲಿಯೇ ಮರಳಿ ಶುರುವಾಗುವ ದಿನವೂ ಸೇರಿರುತ್ತದೆ. ಹಾಡಿನ ವಿಷಯದಲ್ಲಿ ಸುಮತಿ ನಿಲ್ಲಿಸಿದ್ದರು, ಆದರೆ ಯಾವತ್ತಿನಿಂದ ಎಂದು ಯಾರಿಗೂ ಹೇಳಿರಲಿಲ್ಲ. ಹಾಗಾಗಿ 14ರ ಬೆಳಿಗ್ಗೆ ಬಂದು ಬಾಗಿಲು ತಟ್ಟುವವರು ಇರಲಿಲ್ಲ. ಆ ಬೆಳಿಗ್ಗೆ ಹಾಡಬೇಕೋ ಬೇಡವೋ ಎಂಬ ತೀರ್ಮಾನವನ್ನು, ಕಾಯಿಲೆಯಿಂದ ಎದ್ದ ದಣಿವಿನಲ್ಲಿ, ಅವರೇ ಹೊಸದಾಗಿ ಮಾಡಬೇಕಾಯಿತು.

ಅದೇ ಮಾತುಕತೆಯಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು, ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಅದೇ. ಕಾಯಿಲೆಯ ಮೊದಲ ದಿನದಿಂದ ಬೆಳಗಿನ ಹಾಲು ಕಾಯಿಸುವ ಕೆಲಸವನ್ನು ಅವರ ಪತಿ ವಹಿಸಿಕೊಂಡಿದ್ದರು, ಹುಷಾರಾದ ಮೇಲೂ ‘ನೀನು ಇನ್ನಷ್ಟು ಮಲಗು’ ಎಂದು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಪ್ರೀತಿಯಿಂದ ಮಾಡಿದ್ದೇ. ಆದರೆ ನಾಲ್ಕು ತಿಂಗಳಿಂದ ಸುಮತಿಯನ್ನು ಶ್ರುತಿಪೆಟ್ಟಿಗೆಯವರೆಗೆ ಕರೆದೊಯ್ಯುತ್ತಿದ್ದದ್ದು ಅವರ ಮನೋಬಲವಲ್ಲ, ಒಲೆ ಆರಿಸುವ ಆ ಕ್ಷಣ. ಒಲೆಯೇ ಬೇರೆಯವರ ಕೈಗೆ ಹೋದ ಮೇಲೆ ಹಾಡಲು ಕೂರುವುದಕ್ಕೆ ಸೂಚನೆ ಕೊಡುವಂಥದ್ದು ಬೆಳಗಿನಲ್ಲಿ ಏನೂ ಉಳಿದಿರಲಿಲ್ಲ. ಕಾಯಿಲೆ ರೂಢಿಯನ್ನು ಕೆಡಿಸುವುದು ಬಹುಮಟ್ಟಿಗೆ ಹೀಗೆ ಎಂದು ನನಗೆ ಈಗ ಅನ್ನಿಸುತ್ತದೆ: ಅದು ರೂಢಿಗಿಂತ ಹಿಂದಿನ ಕೊಂಡಿಯನ್ನು ಕಳಚುತ್ತದೆ, ನಾವು ಮುಂದಿನ ಕೊಂಡಿಯನ್ನೇ ದುರಸ್ತಿ ಮಾಡುತ್ತಾ ಕೂರುತ್ತೇವೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಈ ನಿಯಮದ ಬೆಂಬಲಕ್ಕೆ ಆಗಾಗ ಹೇಳುವುದುಂಟು. ಒಂದು ಅವಕಾಶ ತಪ್ಪಿದರೆ ರೂಢಿ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ ಎಂಬುದು ಅದರಲ್ಲಿ ಕಂಡ ಒಂದು ಸಂಗತಿ. ಸಮಾಧಾನದ ಮಾತೇ, ಆದರೆ ಅದು ಒಂದು ಅವಕಾಶದ ಮಾತು. ಒಂದು ವಾರದ ಜ್ವರಕ್ಕೂ, ಆ ವಾರದಲ್ಲಿ ಮನೆಯ ಕೆಲಸಗಳು ಕೈ ಬದಲಾಯಿಸುವುದಕ್ಕೂ ಅದನ್ನು ಹಿಗ್ಗಿಸಲು ಬರುವುದಿಲ್ಲ.

ನಿಯಮಕ್ಕೆ ಮಾಡಿದ ತಿದ್ದುಪಡಿ

ನಿಯಮವನ್ನು ಬಿಡಲಿಲ್ಲ, ಅದರ ಎಣಿಕೆ ಎಲ್ಲಿಂದ ಶುರುವಾಗಬೇಕೆಂಬುದನ್ನು ಬದಲಾಯಿಸಿದೆವು. ದೇಹಕ್ಕೆ ಹಾಡಲು ಆಗದ ದಿನ ‘ತಪ್ಪಿದ ದಿನ’ ಅಲ್ಲ, ‘ಬಿಡುವು’. ಆದರೆ ಬಿಡುವು ಎನ್ನಿಸಿಕೊಳ್ಳಬೇಕಾದರೆ ಮೊದಲ ದಿನವೇ ಕ್ಯಾಲೆಂಡರಿನಲ್ಲಿ ‘ಬಿ’ ಎಂದು ಬರೆದು, ಮರಳುವ ದಿನದ ಸುತ್ತ ಒಂದು ಚೌಕ ಹಾಕಬೇಕು. ಏಳಲಾಗದಷ್ಟು ಜ್ವರವಿದ್ದರೆ ಪತಿಯೋ ಮಗನೋ ಹಾಕಬೇಕು. ಚೌಕದ ದಿನ ಬಂದಾಗ ಇನ್ನೂ ಹುಷಾರಿಲ್ಲದಿದ್ದರೆ ಒಂದು ಸಲ ತಾವೇ ಮುಂದೂಡಬಹುದು, ಎರಡನೆಯ ಸಲ ಮುಂದೂಡುವ ಮೊದಲು ನನಗೆ ಫೋನ್ ಮಾಡಬೇಕು. ‘ಎರಡು ದಿನ ತಪ್ಪಬಾರದು’ ಎಂಬ ಎಣಿಕೆ ಚೌಕದ ದಿನದಿಂದ ಆರಂಭ.

ಮರಳಿದ ಮೊದಲ ದಿನ ಐದೇ ನಿಮಿಷ. ಷಡ್ಜವನ್ನು ಉಸಿರಿರುವಷ್ಟು ಹೊತ್ತು ನಿಲ್ಲಿಸುವುದು, ಆಮೇಲೆ ಪಂಚಮದವರೆಗೆ ಮಾತ್ರ ಮೇಲೇರಿ ಇಳಿಯುವುದು, ಅಷ್ಟೆ. ಇನ್ನೂ ಹಾಡಬಹುದು ಅನ್ನಿಸಿದರೂ ಪೆಟ್ಟಿಗೆ ಮುಚ್ಚಬೇಕು. ಇದಕ್ಕೆ ಸುಮತಿ ಸುಲಭವಾಗಿ ಒಪ್ಪಲಿಲ್ಲ. ಐದು ನಿಮಿಷ ಹಾಡಿದರೆ ಸೀನಿಯರ್ ಪರೀಕ್ಷೆ ಆಗುತ್ತದೆಯೇ ಎಂಬುದು ಅವರ ಪ್ರಶ್ನೆ, ನ್ಯಾಯವಾದದ್ದೇ. ಆದರೆ ವಿಜಯದಶಮಿಯ ಒಂದು ಗಂಟೆ ಅವರ 25ನೇ ತಾರೀಖನ್ನು ತಿಂದುಹಾಕಿದ್ದು ಕ್ಯಾಲೆಂಡರಿನಲ್ಲೇ ಕಾಣುತ್ತಿತ್ತು. ಮೊದಲ ದಿನದ ಕೆಲಸವನ್ನು ಅಳೆಯಬೇಕಾದದ್ದು ಆ ದಿನ ಎಷ್ಟು ಹಾಡಿದರೆಂಬುದರಿಂದಲ್ಲ, ಮರುದಿನ ಕುಳಿತರೋ ಇಲ್ಲವೋ ಎಂಬುದರಿಂದ.

ಮೂರನೆಯ ತೀರ್ಮಾನವನ್ನು ಅವರೇ ಮಾಡಿದರು. ಅಂದು ರಾತ್ರಿ ಪತಿಗೆ ಹೇಳಿ ಹಾಲು ಕಾಯಿಸುವ ಕೆಲಸವನ್ನು ಮರಳಿ ತಮ್ಮ ಕೈಗೆ ತೆಗೆದುಕೊಂಡರು.

117ನ್ನು ಏನು ಮಾಡುವುದೆಂಬ ಪ್ರಶ್ನೆಯೊಂದು ಉಳಿದಿತ್ತು. ಒಂದರಿಂದ ಎಣಿಸಿದರೆ ಹಿಂದಿನದೆಲ್ಲ ವ್ಯರ್ಥವೆಂಬ ಭಾವ ಬರುತ್ತದೆ, 118 ಎಂದರೆ ಸುಳ್ಳಾಗುತ್ತದೆ. ಕೊನೆಗೆ ಎಣಿಕೆಯನ್ನೇ ಕೈಬಿಟ್ಟು, ತಿಂಗಳ ಕೊನೆಯಲ್ಲಿ ಒಂದೇ ಒಂದನ್ನು ನೋಡುವುದೆಂದು ಗೊತ್ತುಮಾಡಿಕೊಂಡೆವು: ‘ಬಿ’ ಇಲ್ಲದ ಖಾಲಿ ಮನೆಗಳು ಎಲ್ಲಿಯಾದರೂ ಎರಡು ಒಟ್ಟೊಟ್ಟಿಗೆ ಇವೆಯೇ?

ನಡೆದದ್ದು

ಅಕ್ಟೋಬರ್ 29, 30, 31ರಂದು ಐದೈದು ನಿಮಿಷ. ಅಲ್ಲಿಂದ ಮೆಲ್ಲಗೆ ಏರಿಸುತ್ತಾ ನವೆಂಬರ್ 11ರ ಹೊತ್ತಿಗೆ ಇಪ್ಪತ್ತೈದು ನಿಮಿಷಕ್ಕೆ ಬಂದರು. 12ರಂದು ನರಕ ಚತುರ್ದಶಿಯ ಎಣ್ಣೆಸ್ನಾನದ ಗಡಿಬಿಡಿಯಲ್ಲಿ ತಪ್ಪಿತು, 13ರಂದು ಬೆಳಿಗ್ಗೆಯೂ ಆಗಲಿಲ್ಲ, ರಾತ್ರಿ ಒಂಬತ್ತಕ್ಕೆ ಕುಳಿತರು. ನಿಯಮ ಅದರ ಸಹಜ ರೂಪದಲ್ಲಿ ಕೆಲಸ ಮಾಡಿದ ಮೊದಲ ಸಂದರ್ಭ ಇದು. ಹೆಚ್ಚು ಹೇಳುವಂಥದ್ದೇನಿಲ್ಲ.

ನಿಜವಾದ ಪರೀಕ್ಷೆ ಪ್ರಯಾಣದ್ದು. ನವೆಂಬರ್ 29ರಿಂದ ಡಿಸೆಂಬರ್ 4ರ ಬೆಳಗಿನವರೆಗೆ ಸುಮತಿ ಸೋದರ ಸೊಸೆಯ ಮದುವೆಗೆಂದು ಪುಣೆಗೆ ಹೋಗುವವರಿದ್ದರು. ಆರೂ ದಿನಕ್ಕೆ ‘ಬಿ’ ಬರೆದುಬಿಡೋಣವೇ ಎಂದು ಕೇಳಿದರು. ಬೇಡವೆಂದೆ. ಕಾಯಿಲೆಯಲ್ಲಿ ಹಾಡುವ ದೇಹವೇ ಇರುವುದಿಲ್ಲ, ಪ್ರಯಾಣದಲ್ಲಿ ದೇಹ ಸರಿಯಿರುತ್ತದೆ, ಇಲ್ಲದಿರುವುದು ಜಾಗ ಮತ್ತು ಹೊತ್ತು. ಮೊದಲನೆಯದಕ್ಕೆ ಬಿಡುವು ಸರಿ, ಎರಡನೆಯದಕ್ಕೆ ಬೇಕಾದದ್ದು ಯಾವ ಜಾಗದಲ್ಲೂ ಹಿಡಿಸುವಂಥ ಸಣ್ಣ ಅಭ್ಯಾಸ. ಇಪ್ಪತ್ತು ಜನ ಮಲಗಿರುವ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಜಂಟಿ ವರಸೆ ಹಾಡಲಾಗದು, ಆದರೆ ತೊಡೆಯ ಮೇಲೆ ತಾಳ ಹಾಕಿಕೊಂಡು ವರ್ಣವನ್ನು ಮನಸ್ಸಿನಲ್ಲೇ ಒಂದು ಸುತ್ತು ನಡೆಸಬಹುದು. ಬಾಯಿಬಿಟ್ಟು ಹಾಡಿದ್ದಕ್ಕೆ ಅದು ಸಮವೇ ಎಂದು ನಮ್ಮಿಬ್ಬರ ನಡುವೆ ಚರ್ಚೆಯಾಯಿತು. ಸಮವಲ್ಲ. ಅದಕ್ಕೇ ಅಂಥ ದಿನಕ್ಕೆ ಪೂರ್ತಿ ಸೊನ್ನೆ ಬೇಡ, ಅರ್ಧ ಲೀಟರಿನಂತೆ ‘½’ ಎಂದು ಬರೆಯುವುದೆಂದು ತೀರ್ಮಾನಿಸಿದೆವು.

29ರಂದು ರೈಲಿನಲ್ಲಿ ಅರ್ಧ, 30ರಂದು ಅರ್ಧ. ಡಿಸೆಂಬರ್ 1 ಮದುವೆಯ ದಿನ, ಖಾಲಿ. ಮರುದಿನವಿಡೀ ಬೀಗರ ಉಪಚಾರದಲ್ಲಿ ಕಳೆದು, ರಾತ್ರಿ ಹತ್ತೂವರೆಗೆ ಮಲಗಲು ಹೋಗುವಾಗ ‘ಇಂದು ಎರಡನೆಯ ದಿನ’ ಎಂದು ನೆನಪಾಗಿ, ತಾರಸಿಯ ನೀರಿನ ಟ್ಯಾಂಕಿನ ಪಕ್ಕ ನಿಂತು ಫೋನಿನಲ್ಲಿ ತಂಬೂರಿ ಹಾಕಿಕೊಂಡು ನಾಲ್ಕು ನಿಮಿಷ ಹಾಡಿದರು. 3ರಂದು ಮರಳುವ ರೈಲಿನಲ್ಲಿ ಅರ್ಧ. 4ರ ಬೆಳಿಗ್ಗೆ ಮನೆ ಮುಟ್ಟಿ ನೇರ ಬ್ಯಾಂಕಿಗೆ ಓಡಿದ್ದರಿಂದ ಖಾಲಿ.

5ನೇ ತಾರೀಖು ಎರಡನೆಯ ದಿನ. ದಣಿವಿನಿಂದ ಎಚ್ಚರವಾದದ್ದೇ ಆರೂ ಮೂವತ್ತೈದಕ್ಕೆ. ದೇವರ ಕೋಣೆಯ ಪಕ್ಕ ಚಾಪೆ ಹಾಸಿ ಕೂರುವ ಹೊತ್ತು ಎಂದೋ ಮೀರಿತ್ತು, ಹಾಲು ಒಲೆಯ ಮೇಲಿತ್ತು, ಪಕ್ಕದ ಒಲೆಯಲ್ಲಿ ಕುಕ್ಕರ್. ಹಾಲು ಉಕ್ಕಿ ಬಂದಾಗ ಒಲೆ ಆರಿಸಿದರು, ಆರಿಸಿದ ಕೈ ಅಭ್ಯಾಸಬಲದಿಂದ ಶ್ರುತಿಪೆಟ್ಟಿಗೆಯ ಕಡೆ ಹೋಯಿತು. ಅಡುಗೆಕಟ್ಟೆಗೆ ಒರಗಿ ನಿಂತೇ ಐದು ನಿಮಿಷ ಹಾಡಿದರು. ಮರುದಿನ 5.45ಕ್ಕೆ ಚಾಪೆಯ ಮೇಲಿದ್ದರು, ಇಪ್ಪತ್ತು ನಿಮಿಷ. ಪ್ರಯಾಣದಲ್ಲಿ ರೂಢಿ ಮುರಿಯುವುದು ಊರಿನಿಂದ ಹೊರಗಿರುವ ದಿನಗಳಲ್ಲಿ ಎಂದು ನಾನು ಭಾವಿಸಿದ್ದೆ. ಇಲ್ಲಿ ನೋಡಿದರೆ, ಹೆಚ್ಚು ಅಪಾಯವಿದ್ದದ್ದು ಮನೆ ಮುಟ್ಟಿದ ಮೇಲಿನ ಎರಡು ದಿನಗಳಲ್ಲಿ: ಒಗೆಯಬೇಕಾದ ಬಟ್ಟೆಯ ರಾಶಿ, ಕಚೇರಿಯ ಬಾಕಿ ಕೆಲಸ, ನಿದ್ದೆಯ ಸಾಲ. ಈಗ ಪ್ರಯಾಣ ಹೋಗುವ ಶಿಷ್ಯರಿಗೆ ಮರಳಿದ ಮರುದಿನದ ಐದು ನಿಮಿಷವನ್ನು ಹೋಗುವ ಮೊದಲೇ ಗೊತ್ತುಮಾಡಲು ಹೇಳುತ್ತೇನೆ.

2024ರ ಫೆಬ್ರವರಿ 8ರಂದು ಮತ್ತೆ ನೆಗಡಿ, ಗಂಟಲು. ಈ ಸಲ ಅಂದೇ ‘ಬಿ’ ಬರೆದು 13ಕ್ಕೆ ಚೌಕ ಹಾಕಿದರು. 13ರ ಬೆಳಿಗ್ಗೆ ಷಡ್ಜ ಹಿಡಿದಾಗ ದನಿ ಗೊರಗೊರ ಎಂದಿತು, ಚೌಕವನ್ನು 16ಕ್ಕೆ ಸರಿಸಿದರು. 16ರಂದು ಐದು ನಿಮಿಷ. ಎಂಟು ದಿನದ ಕಾಯಿಲೆಗೆ ಎಂಟೇ ದಿನ ಹೋದವು. ಬಿಡುವಿನ ದಿನಗಳಲ್ಲೂ ಸಾಧ್ಯವಾದಾಗಲೆಲ್ಲ ಹಾಲು ತಾವೇ ಕಾಯಿಸಿದರಂತೆ, ಹಾಡದಿದ್ದರೂ ಆ ಹೊತ್ತಿಗೆ ಎದ್ದು ನಿಂತಿರಲೆಂದು.

ಎಡವಿದ ಇನ್ನೊಂದು ಜಾಗ

ಇಷ್ಟಕ್ಕೇ ನಿಲ್ಲಿಸಿದರೆ ಪ್ರಕರಣ ತೀರಾ ಚೊಕ್ಕಟವಾಗಿ ಕಂಡೀತು. ಮಾರ್ಚ್ 30ರ ಶನಿವಾರ ಮೋಹನ ವರ್ಣವನ್ನು ಎರಡನೆಯ ಕಾಲದಲ್ಲಿ ಹಾಡಿಸಿದಾಗ ಅವರಿಗೆ ತಾಳ ನಿಲ್ಲಲಿಲ್ಲ, ಜನವರಿಯಲ್ಲಿ ಸಲೀಸಾಗಿ ಬರುತ್ತಿದ್ದ ಜಾಗದಲ್ಲೇ ಎಡವಿದರು. ಕ್ಯಾಲೆಂಡರಿನ ಚಿತ್ರ ಕೇಳಿದೆ. ಎರಡು ಖಾಲಿ ಮನೆ ಒಟ್ಟೊಟ್ಟಿಗೆ ಎಲ್ಲೂ ಇರಲಿಲ್ಲ, ನಿಯಮ ಅಕ್ಷರಶಃ ಪಾಲನೆಯಾಗಿತ್ತು. ಆದರೆ 18ರಿಂದ 28ರವರೆಗೆ ಹನ್ನೊಂದು ದಿನ ಸಾಲಾಗಿ ‘½’. ವರ್ಷದ ಕೊನೆಯ ಲೆಕ್ಕಪತ್ರದ ಕೆಲಸದಲ್ಲಿ ರಾತ್ರಿ ತಡವಾಗಿ ಮನೆಗೆ ಬಂದು, ಬಸ್ಸಿನಲ್ಲೇ ತಾಳ ಹಾಕಿಕೊಂಡು ಮನಸ್ಸಿನಲ್ಲಿ ಹಾಡಿ ಅರ್ಧ ಬರೆದಿದ್ದರು.

ಪ್ರಯಾಣಕ್ಕೆಂದು ತೆರೆದ ಕಿಟಕಿ ಬಾಗಿಲಾಗಿತ್ತು. ಈ ನಿಯಮ ಕುಳಿತರೋ ಇಲ್ಲವೋ ಎಂಬುದನ್ನು ಮಾತ್ರ ಕಾಯುತ್ತದೆ, ಕುಳಿತು ಮಾಡಿದ್ದು ಕುಗ್ಗುತ್ತಾ ಹೋದರೆ ಅದಕ್ಕೆ ಗೊತ್ತಾಗುವುದಿಲ್ಲ. ಊರಿನಲ್ಲಿರುವಾಗ ಅರ್ಧ ಎರಡಕ್ಕಿಂತ ಹೆಚ್ಚು ದಿನ ಸಾಲಾಗಿ ಬರಕೂಡದು, ಮೂರನೆಯ ದಿನ ಬಾಯಿಬಿಟ್ಟು ಹಾಡಲೇಬೇಕು ಎಂದು ಸೇರಿಸಿದೆವು. ಇಂಥ ಷರತ್ತುಗಳನ್ನು ಹೀಗೆಯೇ ಸೇರಿಸುತ್ತಾ ಹೋದರೆ ನಿಯಮ ಬ್ಯಾಂಕಿನ ಸುತ್ತೋಲೆಯಂತಾದೀತು ಎಂದು ಸುಮತಿ ನಕ್ಕರು. ಅಲ್ಲಿಂದೀಚೆಗೆ ಬೇರೇನನ್ನೂ ಸೇರಿಸಿಲ್ಲ.

ಇದೇ ತಿದ್ದುಪಡಿಯನ್ನು ಇನ್ನಿಬ್ಬರು ಶಿಷ್ಯರಿಗೂ ಹೇಳಿದ್ದೆ. ಒಬ್ಬರಿಗೆ ಹೊಂದಿತು. ಪಾಳಿಯ ಕೆಲಸದಲ್ಲಿರುವ ಇನ್ನೊಬ್ಬರಿಗೆ ಹೊಂದಲಿಲ್ಲ, ಏಕೆಂದರೆ ವಾರಕ್ಕೊಮ್ಮೆ ಏಳುವ ಹೊತ್ತೇ ಬದಲಾಗುವ ಅವರ ಮನೆಯಲ್ಲಿ ಮರಳಿ ಹಿಡಿಯಲು ಹಾಲಿನ ಒಲೆಯಂಥ ಒಂದು ಸ್ಥಿರವಾದ ಕೊಂಡಿ ನಮಗೆ ಇನ್ನೂ ಸಿಕ್ಕಿಲ್ಲ.

ಈ ಬರಹವನ್ನು ಸುಮತಿಗೆ ಓದಲು ಕೊಟ್ಟಾಗ ಅವರು ತಿದ್ದಿದ್ದು ಒಂದೇ ಕಡೆ. ಡಿಸೆಂಬರ್ 5ರಂದು ಹಾಡಿದ್ದು ಐದು ನಿಮಿಷವಲ್ಲವಂತೆ, ಮೂರೇ ನಿಮಿಷ. ಕುಕ್ಕರ್ ಎರಡನೆಯ ಸಲ ಕೂಗುವಷ್ಟರಲ್ಲಿ ನಿಲ್ಲಿಸಿದ್ದರಂತೆ.